ಪದಚರ್ಚೆ: range(1, 10)ಕ್ಕೆ ‘ಹತ್ತರವರೆಗೆ’ ಅನ್ನಬಹುದಾ?

ಸುಮಾ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಯಲ್ಲಿ ಶನಿವಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಪೈಥಾನ್ ಹೇಳಿಕೊಡುತ್ತೇನೆ. ಪಾಠದ ನೋಟ್ಸನ್ನು ಕನ್ನಡದಲ್ಲಿ ನಾನೇ ಬರೆಯುತ್ತಿದ್ದೇನೆ. ಮೊನ್ನೆ ಏಳರ ಮಗ್ಗಿ ಬರೆಸಿದೆ.

```python
for n in range(1, 10):
    print(7, "x", n, "=", 7 * n)
```

ನೋಟ್ಸಿನಲ್ಲಿ ‘n ಒಂದರಿಂದ ಹತ್ತರವರೆಗೆ ಹೋಗುತ್ತದೆ’ ಎಂದು ಬರೆದಿದ್ದೆ. ಮಗ್ಗಿ 63ಕ್ಕೇ ನಿಂತಿತು. ಒಬ್ಬ ಹುಡುಗಿ ಎದ್ದು ನಿಂತು, ‘ಮಿಸ್, ಕಂಪ್ಯೂಟರಿಗೆ ಕೊನೇ ಸಾಲು ಬಾಯಿಪಾಠ ಆಗಿಲ್ಲ’ ಅಂದಳು. 10ರ ಬದಲು 11 ಹಾಕಿಸಿ ಎಪ್ಪತ್ತು ಬರಿಸಿದೆ. ಆದರೆ ನನ್ನ ‘ವರೆಗೆ’ ಸುಳ್ಳಾಯಿತಲ್ವಾ? ಇಲ್ಲಿ ಯಾವ ಪದ ಸರಿ?

ಮಹೇಶ:
ಇದು ಸುಲಭ ಮೇಡಂ. ಕಂಪ್ಯೂಟರು ಸೊನ್ನೆಯಿಂದ ಎಣಿಸುತ್ತೆ. ಸೊನ್ನೆಯಿಂದ ಒಂಬತ್ತಕ್ಕೆ ಹತ್ತು ಸಂಖ್ಯೆ ಆಯ್ತು. ಅದಕ್ಕೇ ಹತ್ತು ಬರಲ್ಲ. ‘ಹತ್ತು ಸಲ’ ಅಂತ ಬರೆದುಬಿಡಿ.

ಫಾತಿಮಾ:
ಮಹೇಶ್ ಅವರೇ, ನೀವು ಹೇಳಿದ್ದು `range(10)` ಅಂತ ಒಂದೇ ಸಂಖ್ಯೆ ಕೊಟ್ಟಾಗ ಸರಿ. ಆಗ ಶುರು ಸೊನ್ನೆ, ಸುತ್ತು ಹತ್ತು. ಸುಮಾ ಅವರ ಸಾಲು ಒಂದರಿಂದ ಶುರುವಾಗಿದೆ, ಆದರೂ ಹತ್ತು ಬಂದಿಲ್ಲ. ಸುತ್ತು ಹತ್ತಲ್ಲ, ಒಂಬತ್ತೇ. ಹಾಗಾಗಿ ‘ಹತ್ತು ಸಲ’ ಎಂದು ಬರೆದರೆ ಆ ಹುಡುಗಿ ಮತ್ತೆ ಎದ್ದು ನಿಲ್ಲುತ್ತಾಳೆ.

ಒಳಗೆ ಆಗುವುದು ಇಷ್ಟು. `for` ಪ್ರತಿ ಸಲ range ಹತ್ತಿರ ‘ಮುಂದಿನದು ಕೊಡು’ ಎಂದು ಕೇಳುತ್ತದೆ. range ಮೊದಲು 1 ಕೊಡುತ್ತದೆ, ಆಮೇಲೆ 2, ಹೀಗೆ. 9 ಕೊಟ್ಟ ಮೇಲೆ ಮತ್ತೆ ಕೇಳಿದಾಗ ಮುಂದಿನದು 10. ಅದು ಗೆರೆಗೆ ಬಂದು ನಿಂತಿದೆ. ಆದ್ದರಿಂದ ‘ಮುಗೀತು’ ಎನ್ನುತ್ತದೆ, `n`ಗೆ 10 ಸಿಗುವುದೇ ಇಲ್ಲ. ಬೇಕಾದರೆ ಲೂಪ್ ಮುಗಿದ ಮೇಲೆ `print(n)` ಕೊಟ್ಟು ನೋಡಿ, 9 ಬರುತ್ತದೆ. ಸಿ ಭಾಷೆಯಲ್ಲಿ `i < 10` ಎಂದು ಬರೆದ ಲೂಪಿನಲ್ಲಿ ಹೀಗಲ್ಲ. ಅಲ್ಲಿ `i` ನಿಜವಾಗಿ 10 ಆಗುತ್ತದೆ, ಪರೀಕ್ಷೆಯಲ್ಲಿ ಸೋಲುತ್ತದೆ, ಆಮೇಲೆ ಹೊರಬರುತ್ತದೆ.

ಪ್ರಕಾಶ:
ನನ್ನ ದಾಳದ ಆಟದಲ್ಲಿ `random.randint(1, 6)` ಹಾಕಿದ್ದೀನಿ, ಆರು ಬರ್ತಾ ಇದೆ. ಇವರು ಹೇಳೋ ಪ್ರಕಾರ ಬರಬಾರದು. ನನ್ನ ಪೈಥಾನ್ ಹಳೇದಿರಬೇಕಾ?

ಫಾತಿಮಾ:
ಹಳೇದಲ್ಲ ಪ್ರಕಾಶ್, ಅದು ಬೇರೆ ಫಂಕ್ಷನ್ನು. `randint` ಎರಡೂ ತುದಿಯನ್ನು ಸೇರಿಸಿಕೊಳ್ಳುತ್ತದೆ. ಪಕ್ಕದಲ್ಲೇ ಇರುವ `randrange(1, 6)` ಆರು ಕೊಡುವುದಿಲ್ಲ. ಒಂದೇ ಮನೆಯಲ್ಲಿ ಎರಡು ಪದ್ಧತಿ, ನನಗೂ ಸಿಟ್ಟು ಬರುತ್ತೆ.

ಬಸಣ್ಣ, ಧಾರವಾಡ:
ಕೋಡಿಂಗ್ ನನಗ ಗೊತ್ತಿಲ್ರಿ. ಪದದ ಬಗ್ಗೆ ಮಾತ್ರ ಹೇಳ್ತೀನಿ. ‘ವರೆಗೆ’ ಸುಳ್ಳು ಹೇಳಿಲ್ಲ. ಅದಕ್ಕ ಮೊದಲಿಂದಲೂ ಎರಡು ಮುಖ.

‘ಒಂದನೇ ತಾರೀಖಿನಿಂದ ಹತ್ತರವರೆಗೆ ರಜೆ’ ಅಂದರೆ ಹತ್ತನೇ ದಿನವೂ ರಜೆ. ಎಣಿಸಿದರೆ ಹತ್ತು ದಿನ. ಆದರೆ ‘ಹತ್ತರಿಂದ ಐದರವರೆಗೆ ಆಫೀಸು’ ಅನ್ನಿ. ಹತ್ತು ಗಂಟೆಗೆ ಶುರುವಾಗುವ ತಾಸು ಕೆಲಸದ್ದು. ನಾಲ್ಕಕ್ಕೆ ಶುರುವಾಗುವ ತಾಸೂ ಕೆಲಸದ್ದು. ಐದಕ್ಕೆ ಶುರುವಾಗುವ ತಾಸು? ಅದು ನಿಮ್ಮದು, ಮನೆಗೆ ನಡೀರಿ. ಒಟ್ಟು ಏಳು ತಾಸು. ಹದಿನೇಳರಿಂದ ಹತ್ತು ಕಳೆದರೂ ಏಳೇ.

ಅಂದರೆ ದಿನ, ಪುಟ, ಮನೆ ನಂಬರು ಹೇಳುವಾಗ ‘ವರೆಗೆ’ ಕೊನೆಯದನ್ನು ನುಂಗತದ. ಗಡಿಯಾರದ ಗೆರೆ ಹೇಳುವಾಗ ಗೆರೆ ಹತ್ತಿರ ನಿಂತುಬಿಡತದ. ನಿಮ್ಮ range ಗಡಿಯಾರದ ‘ವರೆಗೆ’ ಅಂತ ಕಾಣಸ್ತದ. ಮಗ್ಗಿ ಕಲಿಯೋ ಮಕ್ಕಳು ತಾರೀಖಿನ ‘ವರೆಗೆ’ ತಿಳ್ಕೊಂಡವು. ‘ತನಕ’ ಹಾಕಿದರೂ ಇದೇ ಹಣೆಬರಹ. ನಮ್ಮ ಕಡೆ ‘ಮಟ’ ಅಂತೀವಿ, ‘ಅಲ್ಲೀಮಟ ಹೋಗಿ ಬಂದೆ’ ಅಂತ. ಅದರಾಗ ಅಲ್ಲಿ ಮುಟ್ಟಿದ ಹಂಗೇ ಆಗತದ. ಇಲ್ಲಿಗೆ ಅದು ಇನ್ನೂ ಕೆಟ್ಟದ್ದು.

ಮಹೇಶ:
ಹಾಗಾದ್ರೆ ‘ಹತ್ತಕ್ಕಿಂತ ಒಂದು ಕಡಿಮೆವರೆಗೆ’ ಅನ್ನಬಹುದಲ್ವಾ? ಮುಗೀತು.

ನಾಗರತ್ನ:
ತಡವಾಗಿ ಬಂದೆ. ಬಸಣ್ಣನವರ ಗಡಿಯಾರ ಚೆನ್ನಾಗಿದೆ, ಮುಂದಿನ ಕ್ಲಾಸಿಗೆ ಕದಿಯುತ್ತೇನೆ. ಮಹೇಶರ ‘ಒಂದು ಕಡಿಮೆ’ ಮಾತ್ರ ಬೇಡ. ಈ ಮೂರನ್ನು ಓಡಿಸಿ ನೋಡಿ, ಆವರಣದ ಮೂರನೇ ಸಂಖ್ಯೆ ಹೆಜ್ಜೆಯ ಅಳತೆ:

```python
list(range(1, 10, 3))    # [1, 4, 7]
list(range(1, 10, 5))    # [1, 6]
list(range(10, 0, -1))   # [10, 9, ..., 1]
```

ಮೊದಲನೆಯದರಲ್ಲಿ ಕೊನೆ 7. ಮುಂದಿನ ಹೆಜ್ಜೆ ಸರಿಯಾಗಿ 10ರ ಮೇಲೆ ಬೀಳುತ್ತಿತ್ತು, ಆದ್ದರಿಂದ ನಿಂತಿತು. ಎರಡನೆಯದರಲ್ಲಿ ಮುಂದಿನ ಹೆಜ್ಜೆ 11, ಗೆರೆ ದಾಟುತ್ತಿತ್ತು. ಎರಡರಲ್ಲೂ 9 ಇಲ್ಲವೇ ಇಲ್ಲ. ಮೂರನೆಯದು ಹಿಂದಕ್ಕೆ ನಡೆಯುತ್ತದೆ. ಬಿಟ್ಟುಹೋದದ್ದು 0, ಕೊನೆಯದು 1. ಅಂದರೆ ಒಂದು ಜಾಸ್ತಿ. ‘ಕೊನೆಗೆ ಒಂದು ಕೂಡಿಸು’ ಎಂದು ಬಾಯಿಪಾಠ ಮಾಡಿದ ಮಕ್ಕಳು ಉಲ್ಟಾ ಮಗ್ಗಿ ಬರೆಯುವಾಗ ಬೀಳುವುದು ಇಲ್ಲೇ. `range(10, 2, -1)` ಬರೆದು, ಏಳೆರಡ್ಲ ಹದಿನಾಲ್ಕು, ಏಳೊಂದ್ಲ ಏಳು ಎಲ್ಲಿ ಹೋದವು ಎಂದು ಹುಡುಕುತ್ತಾರೆ.

ಯಾಕೆ ಹೀಗಿಟ್ಟರು ಅನ್ನುವುದು ತುಂಡು ಮಾಡುವಾಗ ಗೊತ್ತಾಗುತ್ತದೆ. ಅರವತ್ತು ಉತ್ತರಪತ್ರಿಕೆಗಳನ್ನು ಇಪ್ಪತ್ತರ ಕಟ್ಟು ಮಾಡಬೇಕು ಅಂದುಕೊಳ್ಳಿ. `range(0, 20)`, `range(20, 40)`, `range(40, 60)`. ಒಂದರ ಕೊನೆಯ ಅಂಕಿಯೇ ಇನ್ನೊಂದರ ಮೊದಲ ಅಂಕಿ. 20ನೇ ಪತ್ರಿಕೆ ಎರಡು ಕಟ್ಟಿಗೂ ಹೋಗುವುದಿಲ್ಲ, ನಡುವೆ ಬಿದ್ದೂ ಹೋಗುವುದಿಲ್ಲ. ಕಟ್ಟಿನಲ್ಲಿ ಎಷ್ಟಿದೆ ಎಂದರೆ ನಲವತ್ತರಲ್ಲಿ ಇಪ್ಪತ್ತು ಕಳೆ. ಎರಡೂ ತುದಿ ಸೇರಿಸಿದ್ದರೆ 0–19, 20–39 ಎಂದು ಬರೆದು, ಕಳೆದು, ಮತ್ತೆ ಒಂದು ಕೂಡಿಸಬೇಕಿತ್ತು. ಆ ‘ಒಂದು’ ಮರೆತೇ ಹೋಗುತ್ತದೆ. ನಾನೊಮ್ಮೆ ಹಾಜರಿ ಪಟ್ಟಿಯನ್ನು ಪುಟಗಳಾಗಿ ಒಡೆಯುವ ಪ್ರೋಗ್ರಾಮಿನಲ್ಲಿ ಹೀಗೇ ಮರೆತು, ಪ್ರತಿ ಪುಟದ ಕೊನೆಯ ಮಗುವಿಗೆ ಗೈರುಹಾಜರಿ ಹಾಕಿಸಿದ್ದೆ. ಕಂಡುಹಿಡಿದದ್ದು ಆ ಮಕ್ಕಳೇ.

ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಸೊನ್ನೆಯಿಂದ ಎಣಿಸುವ ಬಗ್ಗೆ ಬರೆದ ಚಿಕ್ಕ ಟಿಪ್ಪಣಿಯಲ್ಲಿ ಇದೇ ವಾದ ಇದೆ. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಮೆಸಾ ಭಾಷೆಯಲ್ಲಿ ತುದಿಗಳನ್ನು ಸೇರಿಸುವ, ಬಿಡುವ ನಾಲ್ಕೂ ಬಗೆ ಇತ್ತಂತೆ. ಬಳಸಿದವರ ಅನುಭವದಲ್ಲಿ ಉಳಿದ ಮೂರರಿಂದ ತಪ್ಪು ಹೆಚ್ಚಿತು, ಮೊದಲಿನದನ್ನು ಸೇರಿಸಿ ಕೊನೆಯದನ್ನು ಬಿಡುವುದೇ ವಾಸಿ ಎಂದಾಯಿತು ಎನ್ನುತ್ತಾರೆ. ಎಲ್ಲರೂ ಒಪ್ಪಿಲ್ಲ. ರೂಬಿ ಭಾಷೆಯಲ್ಲಿ ಇವತ್ತಿಗೂ `1..10` ಹತ್ತನ್ನು ಸೇರಿಸುತ್ತದೆ, ಇನ್ನೊಂದು ಚುಕ್ಕಿ ಇಟ್ಟು `1...10` ಎಂದರೆ ಬಿಡುತ್ತದೆ.

ಪದಕ್ಕೆ ನನ್ನ ಓಟು: ‘ಹತ್ತನ್ನು ಮುಟ್ಟುವ ಮುಂಚೆ ನಿಲ್ಲು’. ಮೇಲಕ್ಕೆ ಹೋದರೂ ಕೆಳಕ್ಕೆ ಬಂದರೂ ‘ಮುಂಚೆ’ ಕೆಲಸ ಮಾಡುತ್ತದೆ. ‘ಒಳಗೆ’, ‘ಕಡಿಮೆ’ ಉಲ್ಟಾ ನಡೆಯುವಾಗ ಕೈಕೊಡುತ್ತವೆ.

ಬಸಣ್ಣ, ಧಾರವಾಡ:
1, 6, 11ರ ಲೆಕ್ಕದಾಗ ಅದು ಹತ್ತನ್ನು ಮುಟ್ಟೋದೇ ಇಲ್ಲಲ್ರಿ, ಹಾರತದ. ‘ಮುಟ್ಟುವ ಇಲ್ಲಾ ದಾಟುವ ಮುಂಚೆ’ ಅನ್ನಬೇಕಾಗತದ. ಉದ್ದ ಆತು.

ಸುಮಾ:
ನೋಟ್ಸಿನಲ್ಲಿ ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘1ರಿಂದ ಶುರು ಮಾಡು, 10 ಬರುವ ಮುಂಚೆ ನಿಲ್ಲು.’ ಕೆಳಗೆ ಆಫೀಸಿನ ಗಡಿಯಾರದ ಚಿತ್ರ. ದಾಟುವ ಮಾತು ಹೆಜ್ಜೆಯ ಪಾಠ ಬಂದಾಗ ನೋಡುತ್ತೇನೆ ಬಸಣ್ಣ. ಆ ಎರಡನೇ ಸಂಖ್ಯೆಗೆ ಹೆಸರು ಇನ್ನೂ ಸಿಕ್ಕಿಲ್ಲ. ‘ಕೊನೆ’ ಅಂತೂ ಆಗಲ್ಲ. ‘ಗಡಿ’ ಅನ್ನೋಣ ಅಂದರೆ, ಗಡಿಕಲ್ಲು ಯಾರ ಹೊಲದ್ದು ಅಂತ ಮಕ್ಕಳು ಕೇಳ್ತಾರೆ.

ಮಹೇಶ:
ಪಕ್ಕದ ಹೊಲದ್ದು!