ತೀರ್ಪಿನ ಸಾರಾಂಶ, ಡೈಜೆಸ್ಟ್, ಆಬ್‌ಸ್ಟ್ರಾಕ್ಟ್, ಹೆಡ್‌ನೋಟ್: ಗೊತ್ತಿದ್ದವರು ಹೇಳಿ

ಕೊಪ್ಪಳದ ವಿದ್ಯಾರ್ಥಿನಿ, ಎಲ್‌ಎಲ್‌ಬಿ ಮೊದಲ ವರ್ಷ: ಮೋಹರಿ ಬೀಬಿ ಕೇಸಿನ ಸಾರಾಂಶ ಬರೆಯೋಕೆ ಹೇಳಿದ್ರು. ಹೆಡ್‌ನೋಟ್ ನೋಡಿ ಬರೆದೆ. ಮೇಡಂ "ಇದು ಸಾರಾಂಶ ಅಲ್ಲ" ಅಂತ ವಾಪಸ್ ಕೊಟ್ಟರು. ಡೈಜೆಸ್ಟ್, ಆಬ್‌ಸ್ಟ್ರಾಕ್ಟ್ ಅಂತಲೂ ಅಂತಾರೆ. ಎಲ್ಲವೂ ಚಿಕ್ಕದು ಮಾಡಿ ಬರೆಯೋದೇ ಅಲ್ವಾ?

ಬಳ್ಳಾರಿಯ ಹಿರಿಯ ವಕೀಲರು: ಚಿಕ್ಕದು ಮಾಡೋದು ಹೌದಮ್ಮ. ಆದರೆ ಯಾರಿಗಾಗಿ ಅನ್ನೋದು ಬೇರೆ ಬೇರೆ. ನಿನ್ನ ಕೇಸನ್ನೇ ತಗೋ.

1895ರಲ್ಲಿ ಕಲ್ಕತ್ತಾದ ಧರ್ಮದಾಸ ಘೋಷ್ ಎಂಬ ಹುಡುಗ 20,000 ರೂಪಾಯಿಗೆ ಮನೆ ಅಡವಿಟ್ಟ. ಆಗ ಅವನಿನ್ನೂ ಅಪ್ರಾಪ್ತ. ವಯಸ್ಸಿಗೆ ಬಂದಿದ್ದೇನೆ ಅಂತ ಬರೆದುಕೊಟ್ಟಿದ್ದ. ಆದರೆ ಅವನ ತಾಯಿಯ ಕಡೆಯವರು "ಹುಡುಗ ಇನ್ನೂ ಮೈನರ್" ಅಂತ ಸಾಲ ಕೊಡುವವರ ಅಟಾರ್ನಿಗೆ ಮೊದಲೇ ಪತ್ರ ಕಳಿಸಿದ್ದರು. ಅಡಮಾನ ರದ್ದಾಗಲಿ ಅಂತ ದಾವೆ ಹೂಡಿದರು. ಸಾಲ ಕೊಟ್ಟ ಬ್ರಹ್ಮೋ ದತ್ತ ತೀರಿಕೊಂಡ ಮೇಲೆ ಹೆಂಡತಿ ಮೋಹರಿ ಬೀಬಿ ಅವನ ಜಾಗಕ್ಕೆ ಬಂದಳು. 1903ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಆಗ ಇಲ್ಲಿನ ಕೊನೆಯ ಅಪೀಲು ಕೇಳುತ್ತಿದ್ದ ಲಂಡನ್ನಿನ ನ್ಯಾಯಪೀಠ, ಅಪ್ರಾಪ್ತನ ಕರಾರು ಮೊದಲಿಂದಲೇ ಶೂನ್ಯ ಅಂದಿತು. ಹಣ ವಾಪಸ್ ಕೊಡಿಸಲೂ ಒಪ್ಪಲಿಲ್ಲ. ಈ ಕಥೆ, ಕೋರ್ಟಿನ ಮುಂದಿದ್ದ ಪ್ರಶ್ನೆಗಳು, ಉತ್ತರ, ಅದಕ್ಕೆ ಕೊಟ್ಟ ಕಾರಣ, ಇಷ್ಟೂ ಕ್ರಮವಾಗಿ ಬಂದರೆ ಅದು ಸಾರಾಂಶ.

ಹೆಡ್‌ನೋಟಿಗೆ ಕಥೆ ಮುಖ್ಯ ಅಲ್ಲ. ಅದರ ತಲೆ ಹೀಗಿರುತ್ತದೆ: "ಕರಾರು ಕಾಯ್ದೆ, 1872 — ಕಲಂ 11 — ಅಪ್ರಾಪ್ತನ ಕರಾರು — ಶೂನ್ಯ." ಅವಸರದಲ್ಲಿರೋ ವಕೀಲನಿಗೆ ತನಗೆ ಬೇಕಾದ ಕೇಸು ಇದು ಹೌದೋ ಅಲ್ಲವೋ ಅಂತ ಗೊತ್ತಾದರೆ ಸಾಕು.

ಡೈಜೆಸ್ಟ್ ಒಂದೇ ಕೇಸಿನದಲ್ಲ. ನೂರಾರು ತೀರ್ಪುಗಳ ಅಂಶಗಳನ್ನು ಬಿಡಿಸಿ, ಕಾಯ್ದೆ ಮತ್ತು ಕಲಂ ಪ್ರಕಾರ ಜೋಡಿಸಿರುತ್ತಾರೆ. ನಿನ್ನ ಕೇಸು ಅಲ್ಲಿ ಇಡಿಯಾಗಿ ಸಿಗಲ್ಲ. ಒಂದು ತುಂಡು ಕರಾರು ಕಾಯ್ದೆಯ ಕೆಳಗೆ, ಒಂದು ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಎಸ್ಟಾಪೆಲ್ ಬಗ್ಗೆ, ಅಂದರೆ ಒಬ್ಬರನ್ನು ನಂಬಿಸಿದ ಮಾತನ್ನು ಆಮೇಲೆ ಅಲ್ಲಗಳೆಯುವಂತಿಲ್ಲ ಅನ್ನೋ ನಿಯಮದ ಬಗ್ಗೆ, ಇದ್ದ ಕಲಂ 115ರ ಕೆಳಗೆ, ಹಣ ವಾಪಸಿನ ಮಾತು ಇನ್ನೆಲ್ಲೋ.

ಸಿಂಧನೂರಿನಿಂದ ಒಬ್ಬರು: ಹೆಡ್‌ನೋಟ್ ಜಡ್ಜ್ ಬರೆದದ್ದೇ ಅಲ್ವಾ ಸರ್? ತೀರ್ಪಿನ ಮೊದಲ ಪುಟದಲ್ಲೇ ಇರುತ್ತೆ. ಸುಪ್ರೀಂ ಕೋರ್ಟಿನ ರಿಪೋರ್ಟ್‌ನಲ್ಲೂ ನೋಡಿದ್ದೇನೆ.

ಬಳ್ಳಾರಿಯ ಹಿರಿಯ ವಕೀಲರು: ಅದು ಕೋರ್ಟಿನದೇ ಅಧಿಕೃತ ರಿಪೋರ್ಟ್, ಅಷ್ಟು ಸರಿ. ಆದರೂ ಹೆಡ್‌ನೋಟ್ ಸಂಪಾದಕರ ಕೆಲಸ, ಜಡ್ಜ್‌ದಲ್ಲ. 2008ರಲ್ಲಿ ವರದಿಯಾದ ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಮೋದಕ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನೇ ಎಳೆಯಿತು. ತೀರ್ಪಿನ ಮೂಲ ಪಠ್ಯವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಸಂಪಾದಕರು ಸ್ವಂತ ಮಾತಲ್ಲಿ ಬರೆದ ಹೆಡ್‌ನೋಟನ್ನು ನಕಲು ಮಾಡುವಂತಿಲ್ಲ.

ರಾಯಚೂರಿನ ಜೂನಿಯರ್ ವಕೀಲೆ: ನನಗಾದದ್ದು ಹೇಳ್ತೀನಿ. "ಅಪ್ರಾಪ್ತನ ವಿರುದ್ಧ ಎಸ್ಟಾಪೆಲ್ ಇಲ್ಲ" ಅಂತ ಒಂದು ಡೈಜೆಸ್ಟ್‌ನಲ್ಲಿ ಇದೇ ಕೇಸಿನ ಹೆಸರಲ್ಲಿ ಒಂದು ಸಾಲು ಇತ್ತು. ಅದನ್ನೇ ಓದಿ ವಾದ ಮಾಡಿದೆ. "ಪ್ಯಾರಾ ತೋರಿಸಿ" ಅಂದರು ನ್ಯಾಯಾಧೀಶರು. ತೀರ್ಪು ತೆಗೆದರೆ ಅಲ್ಲಿ ಅಷ್ಟು ದೊಡ್ಡ ಮಾತೇ ಇಲ್ಲ. ಸಾಲ ಕೊಟ್ಟವರ ಕಡೆಯವನಿಗೆ ನಿಜ ಗೊತ್ತಿತ್ತು, ಅವನು ಮೋಸ ಹೋಗಿಲ್ಲ, ಹಾಗಾಗಿ ಕಲಂ 115 ಇಲ್ಲಿಗೆ ಅನ್ವಯಿಸಲ್ಲ ಅಂತಷ್ಟೇ ಇದೆ. ನಮ್ಮ ಕೇಸಲ್ಲಿ ಎದುರಿನವನಿಗೆ ವಯಸ್ಸು ಗೊತ್ತೇ ಇರಲಿಲ್ಲ. ನನ್ನ ವಾದ ಅಲ್ಲೇ ಬಿದ್ದುಹೋಯಿತು.

ಗಂಗಾವತಿಯಿಂದ ಒಬ್ಬರು: ನಮ್ಮ ಹೊಲದ ಕೇಸಿನ ತೀರ್ಪಾಗಿ ತಿಂಗಳಾಯಿತು. ಅಪೀಲಿಗೆ ಸಾರಾಂಶ ಕೊಟ್ಟರೆ ನಡೆಯುತ್ತಾ?

ರಾಯಚೂರಿನ ಜೂನಿಯರ್ ವಕೀಲೆ: ಇಲ್ಲ ಅಣ್ಣ, ಅದಕ್ಕೆ ದೃಢೀಕೃತ ನಕಲೇ ಬೇಕು. ಅಪೀಲಿಗೆ ಗಡುವು ಇರುತ್ತೆ. ನಾಳೆಯೇ ವಕೀಲರನ್ನು ಕಂಡು ನಕಲಿಗೆ ಅರ್ಜಿ ಹಾಕಿಸಿ.

ಕೊಪ್ಪಳದ ವಿದ್ಯಾರ್ಥಿನಿ: ಹಾಗಾದ್ರೆ ಆಬ್‌ಸ್ಟ್ರಾಕ್ಟ್?

ಹೊಸಪೇಟೆಯ ಕಾನೂನು ಅಧ್ಯಾಪಕಿ: ನಾನು ಮಕ್ಕಳಿಗೆ ಹೇಳೋದು, ನಾಲ್ಕೈದು ಸಾಲಲ್ಲಿ ತೀರ್ಪು ಯಾವುದರ ಬಗ್ಗೆ, ಏನು ತೀರ್ಮಾನ ಅಂತ ತಿಳಿಸೋದು. ಓದಬೇಕೋ ಬೇಡವೋ ಅಂತ ನಿರ್ಧರಿಸೋಕೆ ಅಷ್ಟು ಸಾಕು. ಕಾರಣ ಅದರಲ್ಲಿ ಬರಲ್ಲ. ಸಾರಾಂಶದಲ್ಲಿ ಕಾರಣ ಇಲ್ಲದಿದ್ದರೆ ನಾನೂ ವಾಪಸ್ ಕೊಡ್ತೀನಿ.

ಬಳ್ಳಾರಿಯ ಹಿರಿಯ ವಕೀಲರು: ಮೇಡಂ, ಇಲ್ಲಿ ನನಗೆ ಒಪ್ಪಿಗೆ ಇಲ್ಲ. ಆಬ್‌ಸ್ಟ್ರಾಕ್ಟ್ ಲೇಖನಕ್ಕೆ ಬರೆಯೋದು. ತೀರ್ಪಿಗೆ ಆ ಮಾತು ಬಳಸಿದವರು ಸಾರಾಂಶ ಅನ್ನೋ ಅರ್ಥದಲ್ಲೇ ಬಳಸೋದನ್ನ ನೋಡಿದ್ದೇನೆ.

ಹೊಸಪೇಟೆಯ ಕಾನೂನು ಅಧ್ಯಾಪಕಿ: ಇರಬಹುದು ಸರ್. ಅದಕ್ಕೇ ಅವಳು ತನ್ನ ಮೇಡಂ ಯಾವ ಅರ್ಥದಲ್ಲಿ ಕೇಳಿದ್ದಾರೆ ಅಂತ ಕೇಳಿಕೊಳ್ಳಲಿ.

ಕೊಪ್ಪಳದ ವಿದ್ಯಾರ್ಥಿನಿ: ನನ್ನ ಉತ್ತರದಲ್ಲಿ ತಾಯಿಯ ಕಡೆಯ ಪತ್ರವೇ ಇರಲಿಲ್ಲ! ಹೆಡ್‌ನೋಟಲ್ಲಿ ಅದು ಕಾಣಲಿಲ್ಲ. ಇವತ್ತು ಪೂರ್ತಿ ತೀರ್ಪು ಓದೋಕೆ ಕೂತಿದ್ದೇನೆ, ಎಸ್ಟಾಪೆಲ್ ಭಾಗದಿಂದಲೇ ಶುರು.