ಸಹಾಯ ಬೇಕು: ಅಪ್ಪನ ಹಳೇ ಕೃಷಿ ಅಂಕಣಗಳನ್ನ ಪುಸ್ತಕ ಮಾಡೋದು

ಎಲ್ರಿಗೂ ನಮಸ್ಕಾರ. ನಮ್ಮಪ್ಪ 90ರ ದಶಕದಲ್ಲಿ ಒಂದು ದಿನಪತ್ರಿಕೆಗೆ ವಾರವಾರ ಕೃಷಿ ಅಂಕಣ ಬರೀತಿದ್ರು, ಈಗ ಅವರಿಲ್ಲ, ಕಟಿಂಗ್ಸ್ ಎಲ್ಲಾ ಟೈಪ್ ಮಾಡಿಸಿದೀನಿ. ಅಪ್ಪ ಪತ್ರಿಕೆಯ ನೌಕರರಲ್ಲ, ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ ಕಾಗದವೂ ಇಲ್ಲ, ಹಾಗಾಗಿ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರಹದ ಹಕ್ಕು ಅವರದ್ದೇ, ಈಗ ವಾರಸುದಾರರದ್ದು. ಅಮ್ಮ, ಅಕ್ಕ ಒಪ್ಪಿಗೆ ಬರೆದುಕೊಟ್ಟಿದಾರೆ. ಆದ್ರೆ ಜೊತೆಗಿರೋ ರೇಖಾಚಿತ್ರಗಳು ಪತ್ರಿಕೆ ಕಲಾವಿದರದ್ದು, ಅದಕ್ಕೆ ಬೇರೆ ಅನುಮತಿ ಬೇಕಲ್ವಾ? ಸಂಪಾದಕರಿಗೆ ಬರೆಯೋ ಪತ್ರದ ನಮೂನೆ ಯಾರ ಹತ್ರ ಆದ್ರೂ ಇದ್ರೆ ಕೊಡಿ.

ನಂಗೆ ನಿಜವಾದ ಚಿಂತೆ ಬೇರೆ. ಗೇರು ತೋಟದ ಒಂದು ಲೇಖನದಲ್ಲಿ ಟೀ ಸೊಳ್ಳೆಗೆ ಎಂಡೋಸಲ್ಫಾನ್ ಹೊಡೀರಿ ಅಂತಿದೆ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ನಿಷೇಧಿಸಿತು. ಅಪ್ಪನ ವಾಕ್ಯ ತಿದ್ದೋಕೆ ಮನಸ್ಸಿಲ್ಲ, ಆದ್ರೆ ಟಿಪ್ಪಣಿಯನ್ನ ಪುಸ್ತಕದ ಕೊನೇಲಿ ಹಾಕಿದ್ರೆ ಓದಿದ ರೈತ ಅಲ್ಲಿವರೆಗೂ ಹೋಗಲ್ಲ, ಅದಕ್ಕೇ ಅದೇ ಪುಟದ ಅಡಿಯಲ್ಲಿ ದಪ್ಪಕ್ಷರದಲ್ಲಿ ಹಾಕೋಣ ಅಂತ. ಇಲ್ಲಾ ಆ ಲೇಖನವನ್ನೇ ಬಿಡ್ಲಾ?

ಕ್ರಮ ಬೆಳೆವಾರು ಮಾಡಿದ್ರೆ ಅಡಿಕೆ ಬಗ್ಗೆ ಹೇಳಿದ್ದೇ ಪದೇ ಪದೇ ಬರುತ್ತೆ, ಮುಂಗಾರಿನಿಂದ ಬೇಸಿಗೆವರೆಗೆ ಜೋಡಿಸಿ ಪ್ರತಿ ಲೇಖನದ ಕೆಳಗೆ ಪ್ರಕಟವಾದ ದಿನಾಂಕ ಕೊಡೋದು ಸರಿ ಅನ್ಸುತ್ತೆ. ಸಂಕಲನ ಮಾಡಿರೋರು ದಯವಿಟ್ಟು ಹೇಳಿ.