ಈ ವಾರದ ಸಮಸ್ಯೆ: ಬಾರದವ ಬಂದಾನು, ಬರದೆ ಬಂದವನು

ಸಂಚಾಲಕ: ಈ ಸಲದ ವಸ್ತು ಋಗ್ವೇದದ ಮೊದಲ ಸೂಕ್ತ. ಐದನೆಯ ಮಂತ್ರದ ಕೊನೆಯ ಪಾದ ‘ದೇವೋ ದೇವೇಭಿರಾ ಗಮತ್’, ದೇವನಾದ ಅಗ್ನಿ ದೇವತೆಗಳೊಡನೆ ಬರುವ ಮಾತು. ಅಲ್ಲಿನ ‘ಗಮತ್’ ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟ ಸಾಲು ಇದು. ಚೌಪದಿಯ ನಾಲ್ಕನೆಯ ಸಾಲಾಗಬೇಕು.

ಬಾರದವ ಬಂದಾನು, ಬರದೆ ಬಂದವನು

ಪ್ರಾಸ ಬಿಟ್ಟವರಿಗೆ ಕಾಫಿ ಇಲ್ಲ.

ಗಣಪ ಮೇಷ್ಟ್ರು: ಮೊದಲ ಪೂರಣ ನನ್ನದೇ.

ನೀರಿನೊಳಗಡಗಿದ್ದ ಕಿಚ್ಚ ಕರೆದನು ಹೋತ
ಊರ ದೇವರನೆಲ್ಲ ತರಲೆಂದು ಬಗೆದು
ದಾರಿ ಕಾಯುವೆಯೇಕೆ? ಹೊಗೆಯ ಸುಳಿಯಲಿ ನೋಡು
ಬಾರದವ ಬಂದಾನು, ಬರದೆ ಬಂದವನು

ಕಿಟ್ಟಿ: ಮೇಷ್ಟ್ರೇ, ನಮ್ಮೂರಲ್ಲಿ ಹೋತ ಅಂದ್ರೆ ಗಂಡು ಆಡು. ಅದು ಅಗ್ನಿಯನ್ನು ಕರೆದದ್ದು ಹೊಸ ವಿಷಯ.

ಗಣಪ ಮೇಷ್ಟ್ರು: ಹೋತೃ, ಹೋತೃ! ಋಕಾರ ಹಾಕಿದರೆ ಸಾಲಿನ ಕೊನೆ ಕಿವಿಗೆ ಒರಟಾಗುತ್ತದೆ ಅಂತ ಬಿಟ್ಟೆ.

ಭಟ್ಟರು: ಪದ್ಯ ಚೆನ್ನಾಗಿದೆ. ಆಡನ್ನು ಕಟ್ಟಿಹಾಕಿ.

ಶಾರದಾ: ನನ್ನದು.

ಸೇರೀತು ಸಿರಿಯೆಂದ, ಸೇರಿತೆಂದನೆ ಕವಿಯು?
ತೀರಿತೆಂದರೆ ಕಾಲ, ತೀರೀತು ಬಯಕೆ
ಯಾರ ಬಾಯಿಗೆ ಬೀಗ? ಒಂದೆ ಗಮತಿನೊಳಿಹರು
ಬಾರದವ ಬಂದಾನು, ಬರದೆ ಬಂದವನು

ಭಟ್ಟರು: ಎರಡು ಆಕ್ಷೇಪ. ಮೊದಲನೆಯದು ಛಂದಸ್ಸಿನದು. ಜಗತ್ ಎನ್ನುವುದು ಕನ್ನಡಕ್ಕೆ ಬಂದರೆ ಜಗತ್ತು, ಜಗತ್ತಿನೊಳ್. ವಿದ್ಯುತ್ ಬಂದರೆ ವಿದ್ಯುತ್ತಿನ. ಹಾಗಾದರೆ ಗಮತ್ ಬಂದರೆ ‘ಗಮತ್ತಿನೊಳ್’ ಅಲ್ವಾ? ಒತ್ತು ಹಾಕಿದರೆ ಒಂದು ಮಾತ್ರೆ ಜಾಸ್ತಿ. ಹಾಕದಿದ್ದರೆ ಕನ್ನಡ ತಪ್ಪು. ಎರಡನೆಯದು ಅರ್ಥದ್ದು, ಊಟ ಮಾಡಿ ಬಂದು ಹೇಳುತ್ತೇನೆ.

ಶಾರದಾ: ಜಗತ್ತು ನಾಮಪದ. ಗಮತ್ ಕ್ರಿಯಾಪದ, ಅದನ್ನು ಹಾಗೇ ಎತ್ತಿ ಇಟ್ಟಿದ್ದೇನೆ. ಎತ್ತಿ ಇಟ್ಟದ್ದಕ್ಕೆ ದ್ವಿತ್ವ ಯಾಕೆ?

ಕಿಟ್ಟಿ: ಅಕ್ಕಾ, ಶಿಥಿಲದ್ವಿತ್ವ ಅಂದುಬಿಡಿ. ಒತ್ತೂ ಉಳಿಯುತ್ತೆ, ಮಾತ್ರೆಯೂ ಏರಲ್ಲ.

ಭಟ್ಟರು: ತಕಾರಕ್ಕೆ ಶಿಥಿಲದ್ವಿತ್ವವೇ! ಸುಮ್ನಿರಪ್ಪ, ಕೇಶಿರಾಜ ಎದ್ದು ಬಂದಾನು!

ನಾಗರಾಜ: ವೇದ ಗೀದ ನನಗೆ ತಿಳಿಯದು. ಸಾಲು ನೋಡಿದ ಕೂಡಲೇ ನಮ್ಮ ಮಾವನ ನೆನಪಾಯಿತು.

ಊರ ಬಸ್ಸಿಗೆ ಕಾದು ನಿಂತಿಹನು ಮಾವಯ್ಯ
ಸಾರು ಕುದಿಯಿತು ಮನೆಯೊಳೆಲೆಯಿಟ್ಟು ಕುಳಿತೆ
ಯಾರ ಹರಕೆಯೊ ಕಾಣೆ, ಫೋನಿನೊಳೆ ಹರಸಿದನು
ಬಾರದವ ಬಂದಾನು, ಬರದೆ ಬಂದವನು

ಮಗಳ ನಾಮಕರಣಕ್ಕೆ ನಿಜವಾಗಿ ನಡೆದದ್ದೇ. ಬಸ್ಸು ಕೊನೆಗೂ ಬರಲಿಲ್ಲ.

ಶಾರದಾ: ಮಾತ್ರೆ ಸರಿ, ಪ್ರಾಸ ಸರಿ, ಸಾರೂ ಕುದ್ದಿದೆ.

ಭಟ್ಟರು: ಈಗ ಅರ್ಥದ ಆಕ್ಷೇಪ. ಶಾರದಮ್ಮನವರು ‘ಸೇರೀತು ಸಿರಿ’ ಅಂದದ್ದು ಮೂರನೆಯ ಮಂತ್ರದ ‘ಅಗ್ನಿನಾ ರಯಿಮಶ್ನವತ್’ ಎಂಬುದಕ್ಕೆ ತಾನೇ? ವೇದಭಾಷ್ಯ ಬರೆದ ಸಾಯಣರು ಅಲ್ಲಿ ‘ಪ್ರಾಪ್ನೋತಿ’ ಎಂದಿದ್ದಾರೆ. ಪಡೆಯುತ್ತಾನೆ, ಅಷ್ಟೇ. ‘ಸೇರೀತು’ ಅಂದರೆ ಸೇರಬಹುದು, ಸೇರದೆಯೂ ಇರಬಹುದು. ಋಷಿಗೆ ಅನುಮಾನ ಇತ್ತೇ?

ಗಣಪ ಮೇಷ್ಟ್ರು: ನನಗೂ ಒಂದು ತಕರಾರಿದೆ. ಗಮತ್ ಅಂದರೆ ‘ಅಗಮತ್’ನಲ್ಲಿ ಮುಂದಿನ ಅಕಾರ ಬಿದ್ದದ್ದು. ವೇದದಲ್ಲಿ ಆ ಅಕಾರ ಬೀಳುತ್ತದೆ ಅಂತ ಪಾಣಿನಿಯೇ ಹೇಳಿದ್ದಾನೆ. ಆದ್ದರಿಂದ ಅದು ‘ಬಂದನು’. ಬಂದಾನೂ ಇಲ್ಲ, ಬರಲಿಯೂ ಇಲ್ಲ.

ಶಾರದಾ: ಮೇಷ್ಟ್ರೇ, ಅಕಾರ ಬೀಳುವುದು ನಿಜ. ಇಲ್ಲಿ ಬಿದ್ದಿದೆಯೇ ಅನ್ನುವುದು ಬೇರೆ ಪ್ರಶ್ನೆ. ‘ಅಗಮತ್’ ನಾವು ಕಾವ್ಯದ ಸಂಸ್ಕೃತದಲ್ಲಿ ಕಲಿತ ರೂಪ. ಋಗ್ವೇದದಲ್ಲಿ ‘ಬಂದ’ ಅನ್ನಲು ಮತ್ತೆ ಮತ್ತೆ ಬರುವುದು ‘ಅಗನ್’. ಅದರ ಅಕಾರ ಬಿದ್ದರೆ ‘ಗನ್’ ಉಳಿಯುತ್ತದೆ, ‘ಗಮತ್’ ಅಲ್ಲ. ಗಮ್ ಮತ್ತು ತ್ ನಡುವೆ ಒಂದು ಅಕಾರ ಕೂತಿದೆಯಲ್ಲ, ಅದೇ ಲೇಟ್‌ನ, ಅಂದರೆ ಆಗಲಿ, ಆದೀತು ಎನ್ನುವ ವೇದದ ಕ್ರಿಯಾರೂಪದ ಗುರುತು. ‘ಲೇಟೋಽಡಾಟೌ’ ಅಂತ ಪಾಣಿನಿ ಹೇಳುವುದು ಅದನ್ನೇ.

ಗಮತ್ ಬಗ್ಗೆ ಇನ್ನೂ ಅನುಮಾನ ಅಂದರೆ ಅಶ್ನವತ್ ನೋಡಿ. ಧಾತು ಅಶ್, ನಡುವೆ ನು. ಭೂತದ ರೂಪದಲ್ಲಿ ಅಕಾರ ಬಿದ್ದಿದ್ದರೆ ‘ಅಶ್ನೋತ್’ ಆಗಬೇಕಿತ್ತು. ‘ನೋ’ ಒಡೆದು ‘ನವ’ ಆಗಿದೆ. ಮುಂದೆ ಅಕಾರ ಬರದೆ ಅದು ಒಡೆಯುವುದಿಲ್ಲ. ಇಲ್ಲಿ ಜಗಳಕ್ಕೆ ಜಾಗವೇ ಇಲ್ಲ.

ಗಣಪ ಮೇಷ್ಟ್ರು: ಅಶ್ನವತ್ ಒಪ್ಪಿದೆ. ಗಮತ್ ಒಪ್ಪಿಲ್ಲ. ಅಗಮತ್ ಎಂಬ ರೂಪ ಮುಂದೆ ಬಂದದ್ದು ಎಲ್ಲಿಂದ ಮತ್ತೆ? ಆಕಾಶದಿಂದ ಬಿತ್ತೇ?

ಶಾರದಾ: ರೂಪ ಒಂದನ್ನೇ ಹಿಡಿದು ಕೂತರೆ ಎರಡಕ್ಕೂ ಎಳೆಯಬಹುದು, ಬಿಡಿ. ಸುತ್ತ ಏನಿದೆ ನೋಡಿ. ಎರಡನೆಯ ಮಂತ್ರದಲ್ಲಿ ‘ಸ ದೇವಾಁ ಏಹ ವಕ್ಷತಿ’. ಅವನು ದೇವತೆಗಳನ್ನು ಇಲ್ಲಿಗೆ ಕರೆತರಲಿ. ಅವನು ಆಗಲೇ ಬಂದಾಗಿದ್ದರೆ ಈ ಗೋಗರೆತ ಯಾಕೆ?

ಕಿಟ್ಟಿ: ವಕ್ಷತಿ ಭವಿಷ್ಯತ್ತು ಅಲ್ವಾ ಅಕ್ಕಾ? ಕರೆತರುವನು?

ಶಾರದಾ: ಎಲ್ಲರೂ ಬೀಳುವ ಗುಂಡಿ ಅದು. ಭವಿಷ್ಯತ್ತಾದರೆ ‘ವಕ್ಷ್ಯತಿ’, ಯಕಾರ ಬೇಕು. ಇಲ್ಲಿ ಯಕಾರ ಇಲ್ಲ. ವಹ್ ಧಾತುವಿಗೆ ಸಕಾರ ಸೇರಿ, ಮೇಲೆ ಲೇಟ್‌ನ ಅಕಾರ ಬಂದಿದೆ. ಕವಿಗೆ ಭವಿಷ್ಯತ್ತು ಗೊತ್ತಿರಲಿಲ್ಲ ಅನ್ನೋಣ ಅಂದರೆ ಅದೂ ಆಗದು. ಆರನೆಯ ಮಂತ್ರದಲ್ಲಿ ‘ಭದ್ರಂ ಕರಿಷ್ಯಸಿ’ ಎಂದು ಯಕಾರ ಸಮೇತ ಹಾಕಿದ್ದಾನೆ. ಭಕ್ತನಿಗೆ ಒಳ್ಳೆಯದು ಮಾಡುವೆ ಅನ್ನುವಾಗ ಭವಿಷ್ಯತ್ತು. ದೇವರನ್ನು ಕರೆಯುವಾಗ ಲೇಟ್. ಒಂದೇ ಸೂಕ್ತದೊಳಗೆ ಎರಡನ್ನೂ ಬೇರೆ ಇಟ್ಟವನು ಅವನು.

ಭಟ್ಟರು: ಇದೆಲ್ಲ ಸರಿಯಮ್ಮ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಸಾಯಣರು ವಕ್ಷತಿಗೆ ‘ಆವಹತು’ ಅಂದರು, ಗಮತ್‌ಗೂ ಬರಲಿ ಅನ್ನುವ ಅರ್ಥವನ್ನೇ ಕೊಟ್ಟರು. ಅಶ್ನವತ್‌ಗೆ ಮಾತ್ರ ‘ಪ್ರಾಪ್ನೋತಿ’. ವಿಜಯನಗರದ ಬುಕ್ಕರಾಯನ ಕಾಲದ ಆ ಮಹಾನುಭಾವರಿಗೆ ತಿಳಿಯದ್ದು ನಿಮ್ಮ ‘ಸೇರೀತು’ಗೆ ತಿಳಿಯಿತೇ?

ಶಾರದಾ: ಸಾಯಣರಿಗೆ ತಿಳಿಯಲಿಲ್ಲ ಅಂತ ನಾನೆಲ್ಲಿ ಅಂದೆ? ಅವರು ಅರ್ಥ ಬರೆದದ್ದು ಲೇಟ್ ಇಲ್ಲದ ಸಂಸ್ಕೃತದಲ್ಲಿ. ಕೈಯಲ್ಲಿದ್ದದ್ದು ‘ತು’ ಮತ್ತು ‘ತಿ’. ಅಗ್ನಿಯನ್ನು ಬೇಡುವ ಕಡೆ ‘ತು’ ಹಾಕಿದರು. ಅಶ್ನವತ್‌ಗೆ ಕರ್ತೃಪದವೇ ಇಲ್ಲ. ಅಗ್ನಿಯನ್ನು ನಂಬಿದವನು ಯಾರಾದರೂ ಆಗಲಿ, ಅವನಿಗೆ ದಿನದಿನವೂ ಐಶ್ವರ್ಯ ಎಂಬ ಮಾತು ಅದು. ಯಾರೆಂದು ಹೇಳದ ಕಡೆ ‘ಪಡೆಯಲಿ’ ಅಂದರೆ ಯಾರಿಗೆ ಹರಸಿದ ಹಾಗಾಯಿತು? ಅದಕ್ಕೇ ‘ತಿ’. ಜಾಣ ಆಯ್ಕೆಯೇ. ಆದರೆ ಹಾಗೆ ಮಾಡಿದಾಗ ‘ಆಗಿಯೇ ಆಗುತ್ತದೆ’ ಅನ್ನುವ ಗಟ್ಟಿತನ ಬಂತು, ‘ಆದೀತು, ಕಾದು ನೋಡು’ ಅನ್ನುವ ನಿರೀಕ್ಷೆ ಹೋಯಿತು. ಕನ್ನಡದವರಿಗೆ ಆ ಬಡತನ ಇಲ್ಲ. ನಮಗೆ ಬರಲಿ ಇದೆ, ಬರುವನು ಇದೆ, ಬಂದಾನು ಇದೆ.

ಭಟ್ಟರು: ಬಂದಾನು ಎಂದರೆ ಅನುಮಾನ. ಇದು ಕನ್ನಡ ಬಲ್ಲ ಮಗುವಿಗೂ ಗೊತ್ತು.

ಶಾರದಾ: ಮೇಲೆ ನೀವೇ ಬರೆದಿದ್ದೀರಿ, ಕೇಶಿರಾಜ ಎದ್ದು ಬಂದಾನು ಅಂತ. ಅವನು ಏಳುವುದರ ಬಗ್ಗೆ ಅನುಮಾನಪಟ್ಟು ಬರೆದಿರಾ? ಕಿಟ್ಟಿಯನ್ನು ಹೆದರಿಸಲು ಬರೆದಿರಿ. ಮಗು ಕಟ್ಟೆ ಹತ್ತಿದರೆ ‘ಬಿದ್ದೀಯೆ’ ಅನ್ನುತ್ತೇವೆ, ಅದೂ ಅಷ್ಟೇ. ಲೇಟ್‌ಗೆ ಪಾಣಿನಿ ಹೇಳಿದ ಅರ್ಥಗಳಲ್ಲಿ ಆಶಂಕೆಯೂ ಒಂದು. ಅದಕ್ಕೆ ಕಾಶಿಕಾವೃತ್ತಿಯ ಉದಾಹರಣೆ ‘ನೇಜ್ಜಿಹ್ಮಾಯಂತೋ ನರಕಂ ಪತಾಮ’. ಅಡ್ಡದಾರಿ ಹಿಡಿದು ನರಕಕ್ಕೆ ಬಿದ್ದೇವು! ಇದನ್ನು ಕಾವ್ಯದ ಸಂಸ್ಕೃತದಲ್ಲಿ ಹೇಳಲು ಸುತ್ತಿ ಬಳಸಬೇಕು. ಕನ್ನಡದಲ್ಲಿ ಒಂದು ಪದ ಸಾಕು.

ಕಿಟ್ಟಿ: ಭಟ್ಟರು ತಮ್ಮ ಬಲೆಗೆ ತಾವೇ ಬಿದ್ದರು. ಬಿದ್ದಾರು ಅಲ್ಲ, ಬಿದ್ದರು.

ಭಟ್ಟರು: ಕಿಟ್ಟಿ, ನಿನ್ನ ಪೂರಣ ಎಲ್ಲಿ? ಮೂರು ವಾರದಿಂದ ಬರೀ ಬಾಯಿ.
ಶಾರದಮ್ಮ, ಆಶಂಕೆಯ ಕಡೆ ‘ಬಿದ್ದೇವು’ ಒಪ್ಪುತ್ತೇನೆ. ಹೆದರಿಕೆಗೆ ಅದು ಸೊಗಸು. ದೇವರ ಮುಂದೆ ಕೈಮುಗಿದು ‘ಬಂದಾನು’ ಅಂದರೆ ಮಾತ್ರ ಉಡಾಫೆ. ಗಮತ್‌ಗೆ ‘ಬರಲಿ’ಯೇ ಸರಿ.

ಶಾರದಾ: ಗಮತ್‌ಗೆ ‘ಬರಲಿ’ ಅನ್ನಿ, ನನ್ನ ಅಡ್ಡಿಯಿಲ್ಲ. ಎಲ್ಲ ಲೇಟ್‌ಗೂ ಒಂದೇ ಪ್ರತ್ಯಯ ಅಂಟಿಸಬೇಡಿ ಅನ್ನುವುದಷ್ಟೇ ನನ್ನ ಮಾತು. ಅಶ್ನವತ್‌ನಲ್ಲಿ ನಾನು ಬಗ್ಗುವುದಿಲ್ಲ.

ನಾಗರಾಜ: ಒಂದು ಕೇಳಲಾ? ಊಟಕ್ಕೆ ಮುಂಚೆ ‘ಸಹ ವೀರ್ಯಂ ಕರವಾವಹೈ’ ಅಂತೀವಲ್ಲ, ಅದು ಇದೇ ಜಾತಿಯಾ? ‘ಕರವಾ’ ಅನ್ನೋದು ಅಶ್ನವತ್ ಥರಾನೇ ಕೇಳಿಸುತ್ತೆ.

ಭಟ್ಟರು: ಅದು ಲೋಟ್. ಆಜ್ಞಾರ್ಥ, ಉತ್ತಮಪುರುಷ, ದ್ವಿವಚನ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶಾರದಾ: ನಾಗರಾಜರ ಕಿವಿ ಚುರುಕು. ಪಾಣಿನಿಯ ಲೆಕ್ಕದಲ್ಲಿ ಲೋಟ್, ನಿಜ. ಆದರೆ ನಿಮ್ಮ ಲೋಟ್‌ನಲ್ಲಿ ‘ನಾನು’, ‘ನಾವು’ ಎನ್ನುವ ಸಾಲು ಪೂರ್ತಿ ಹಳೆಯ ಲೇಟ್‌ನ ಆಸ್ತಿ. ಕರವಾಣಿ, ಕರವಾಮ, ಎಲ್ಲ. ನನಗೆ ನಾನೇ ಅಪ್ಪಣೆ ಕೊಡುವುದು ಹೇಗೆ? ಆಜ್ಞೆಗೆ ಅಲ್ಲಿ ಸ್ವಂತ ರೂಪ ಇರಲಿಲ್ಲ, ಲೇಟ್ ಬಂದು ಕೂತಿತು. ಉಳಿದ ಪುರುಷಗಳಲ್ಲಿ ಲೇಟ್ ಸತ್ತಿತು, ಇಲ್ಲಿ ಹೆಸರು ಬದಲಿಸಿ ಬದುಕಿತು. ಪುರೂರವ ಊರ್ವಶಿಗೆ ‘ವಚಾಂಸಿ ಮಿಶ್ರಾ ಕೃಣವಾವಹೈ ನು’ ಅನ್ನುತ್ತಾನೆ, ಹತ್ತನೆಯ ಮಂಡಲದಲ್ಲಿ. ಕೃಣವಾವಹೈ, ಕರವಾವಹೈ. ಎರಡನ್ನೂ ಕನ್ನಡದಲ್ಲಿ ‘ಮಾಡೋಣ’ ಅನ್ನದೆ ಬೇರೆ ದಾರಿ ಇದೆಯಾ?

ನಾಗರಾಜ: ಹಾಗಾದ್ರೆ ದಿನಾ ಲೇಟ್ ಹೇಳಿಯೇ ಊಟಕ್ಕೆ ಕೂರುತ್ತಿದ್ದೇನೆ. ನಮ್ಮ ಮನೆಯಲ್ಲಿ ಊಟ ಲೇಟಾಗೋದು ಇದಕ್ಕೇ ಇರಬೇಕು.

ಗಣಪ ಮೇಷ್ಟ್ರು: ಗಮತ್ ವಿಷಯ ನಾನಿನ್ನೂ ಬಿಟ್ಟಿಲ್ಲ, ನೆನಪಿರಲಿ.

ಭಟ್ಟರು: ಊರ್ವಶಿಯನ್ನು ಎಳೆದು ತಂದಿರಲ್ಲ, ತಗೊಳ್ಳಿ. ‘ಗಮತಿನ’ ಎಂಬ ಅಪಶಬ್ದ ಇಲ್ಲದ ಪೂರಣ.

ದೂರ ಸರಿದಳು ನಲ್ಲೆ, ಮಾತನಾಡೋಣೆಂದ
ಆರದುರಿಯೊಳು ಬೆಂದ ಚಂದ್ರಕುಲದರಸ
ನೀರ ಹಕ್ಕಿಯ ಗೆಳತಿ ನಕ್ಕು ಹೇಳಿದಳಂತೆ
ಬಾರದವ ಬಂದಾನು, ಬರದೆ ಬಂದವನು

ಬಾರದವ ಯಾರೆಂದರೆ ಅವಳ ಹೊಟ್ಟೆಯಲ್ಲಿದ್ದ ಮಗ.

ಸಂಚಾಲಕ: ಓಹೋ!

ಗಣಪ ಮೇಷ್ಟ್ರು: ಬಹಳ ಚೆನ್ನಾಗಿದೆ ಭಟ್ಟರೇ.

ಶಾರದಾ: ಚೆನ್ನಾಗಿದೆ. ಊರ್ವಶಿ ‘ಬಂದಾನು’ ಅಂದಾಗ ಉಡಾಫೆ ಅನ್ನಿಸಲಿಲ್ಲವಲ್ಲ, ಸಂತೋಷ. ‘ಮಾತನಾಡೋಣೆಂದ’ ಅಂದಿದ್ದೀರಿ. ‘ಮಾತನಾಡೋಣವೆಂದ’ ಅಲ್ವಾ? ವಕಾರ ಹಾಕಿದರೆ ಒಂದು ಮಾತ್ರೆ ಜಾಸ್ತಿಯಾಗುತ್ತದೆ, ಗೊತ್ತು.

ಭಟ್ಟರು: ಅದು ಲೋಪಸಂಧಿ.

ಶಾರದಾ: ನಿಮಗೆ ಲೋಪಸಂಧಿ, ನನಗೆ ಅಪಶಬ್ದ. ಆಗಲಿ.

ಭಟ್ಟರು: ನಿಮ್ಮ ಮೂರನೆಯ ಸಾಲನ್ನು ‘ಯಾರ ಬಾಯಿಗೆ ಬೀಗ? ಪದವೊಂದರೊಳಗಿಹರು’ ಅಂತ ತಿದ್ದಿಕೊಳ್ಳಿ, ನಾನು ವಕಾರದ ಬಗ್ಗೆ ಯೋಚಿಸುತ್ತೇನೆ.

ಶಾರದಾ: ತಿದ್ದುವುದಿಲ್ಲ. ಗಮತ್ ಹೋದರೆ ಪದ್ಯದ ಗಮ್ಮತ್ತೇ ಹೋಯಿತು.

ಕಿಟ್ಟಿ: ಗಮ್ಮತ್ತು! ನೋಡಿ, ಒತ್ತು ಬಂತು!

ಭಟ್ಟರು: ಕಿಟ್ಟಿ, ಪೂರಣ.